ಗುಂಪು ಪ್ರಾಜೆಕ್ಟಿನ ಅಂಕಕ್ಕೆ ಸಹಪಾಠಿಗಳ ಗುಣಕ ಸೇರಿದಾಗ ನಿಮ್ಮ ಕೋರ್ಸ್ ಸರಾಸರಿ ಎಷ್ಟು ಬದಲಾಗುತ್ತದೆ?

"ನಮ್ಮ ಗುಂಪಿಗೆ 72 ಅಂಕ ಬಂದಿದೆ, ಆದರೆ ನನ್ನ ಹೆಸರಿನ ಮುಂದೆ 59.85 ಎಂದು ನಮೂದಾಗಿದೆ. ಇದು ಹೇಗಾಯಿತು, ಕೋರ್ಸಿನ ಒಟ್ಟು ಸರಾಸರಿಯಲ್ಲಿ ನನಗೆ ಎಷ್ಟು ನಷ್ಟವಾಯಿತು?" ಅಂಕಿಗಳು ಬೇರೆಯಾದರೂ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ. ಉತ್ತರ ಕೊಡುವ ಲೆಕ್ಕ ಕಷ್ಟದ್ದಲ್ಲ. ಆದರೆ ಅದರಲ್ಲಿ ನಾಲ್ಕೈದು ಕಡೆ ಸಂಸ್ಥೆಯ ನಿಯಮ ಒಂದೊಂದು ಆಯ್ಕೆಯನ್ನು ಮಾಡಿರುತ್ತದೆ, ಮತ್ತು ಆ ಆಯ್ಕೆಗಳು ಗೊತ್ತಿಲ್ಲದೆ ಲೆಕ್ಕ ಹಾಕಿದವರಿಗೆ ತಪ್ಪು ಉತ್ತರವೇ ಸಿಗುತ್ತದೆ. ಆದ್ದರಿಂದ ಒಂದೇ ಗುಂಪಿನ ಉದಾಹರಣೆಯನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಮಾಡಿ ತೋರಿಸುತ್ತೇನೆ.

ಮೊದಲು ಒಂದು ಪದವನ್ನು ಸ್ಪಷ್ಟಪಡಿಸಿಕೊಳ್ಳೋಣ. ಸಹಪಾಠಿ ಕೊಡುಗೆ ಗುಣಕ ಎಂದರೆ, ಗುಂಪಿನ ಸದಸ್ಯರು ಪರಸ್ಪರರ ಕೆಲಸಕ್ಕೆ ಕೊಟ್ಟ ಅಂಕಗಳಿಂದ ಹುಟ್ಟುವ, ಸಾಮಾನ್ಯವಾಗಿ 1ರ ಆಸುಪಾಸಿನಲ್ಲಿರುವ ಒಂದು ಸಂಖ್ಯೆ. ಗುಣಕ 1 ಆಗಿದ್ದರೆ ನಿಮಗೆ ಗುಂಪಿನ ಅಂಕವೇ ಸಿಗುತ್ತದೆ. 1ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಇನ್ನು ಮುಂದೆ ಇದನ್ನು ಬರೀ ಗುಣಕ ಎಂದೇ ಕರೆಯುತ್ತೇನೆ.

ಹಂತ 1: ಲೆಕ್ಕಕ್ಕೆ ಮುನ್ನ ನಿಯಮವನ್ನು ಓದಿ

ಕೋರ್ಸಿನ ಕೈಪಿಡಿಯಲ್ಲಿ ಅಥವಾ ಪ್ರಾಜೆಕ್ಟಿನ ಸೂಚನಾ ಪತ್ರದಲ್ಲಿ ನಾಲ್ಕು ವಿಷಯಗಳನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಕೋರ್ಸಿನ ಒಟ್ಟು ಅಂಕದಲ್ಲಿ ಪ್ರಾಜೆಕ್ಟಿನ ಪಾಲು ಎಷ್ಟು? ಪ್ರಾಜೆಕ್ಟಿನ ಅಂಕದಲ್ಲಿ ಎಷ್ಟು ಭಾಗಕ್ಕೆ ಗುಣಕ ಅನ್ವಯಿಸುತ್ತದೆ, ಪೂರ್ತಿಗೋ ಅರ್ಧಕ್ಕೋ? ತನಗೆ ತಾನೇ ಕೊಟ್ಟುಕೊಂಡ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ? ಗುಣಕಕ್ಕೆ ಅಥವಾ ಅಂತಿಮ ಅಂಕಕ್ಕೆ ಮೇಲ್ಮಿತಿ ಇದೆಯೇ?

ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಪ್ರಾಜೆಕ್ಟಿಗೆ ಸೇರಿದ ಮೌಖಿಕ ಪರೀಕ್ಷೆ, ವೈಯಕ್ತಿಕ ವರದಿ ಮುಂತಾದವುಗಳಿಗೆ ಪ್ರತ್ಯೇಕ ಅಂಕವಿದ್ದರೆ ಗುಣಕ ಅವುಗಳನ್ನು ಮುಟ್ಟಬಾರದು. ಪ್ರಾಜೆಕ್ಟಿನ ಪಾಲು ಶೇಕಡಾ 40 ಎಂದು ಬರೆದಿದ್ದು, ಅದರಲ್ಲಿ 10 ಮೌಖಿಕ ಪರೀಕ್ಷೆಯದಾಗಿದ್ದರೆ, ಗುಣಕದ ಲೆಕ್ಕಕ್ಕೆ ಬರುವುದು ಉಳಿದ 30 ಮಾತ್ರ.

ನಮ್ಮ ಉದಾಹರಣೆಯಲ್ಲಿ ಹೀಗೆಂದು ಇಟ್ಟುಕೊಳ್ಳೋಣ: ನಾಲ್ವರ ಗುಂಪು, ಗುಂಪಿನ ಅಂಕ 100ಕ್ಕೆ 72, ಪ್ರಾಜೆಕ್ಟಿನ ಪಾಲು ಶೇಕಡಾ 40 ಮತ್ತು ಅದು ಪೂರ್ತಿಯಾಗಿ ಗುಂಪಿನ ಕೆಲಸ, ಗುಣಕ ಅನ್ವಯಿಸುವುದು ಆ ಅಂಕದ ಅರ್ಧಕ್ಕೆ, ಸ್ವಂತ ಅಂಕ ಲೆಕ್ಕಕ್ಕುಂಟು. ಸದಸ್ಯರನ್ನು ಕ, ಖ, ಗ, ಘ ಎಂದು ಕರೆಯೋಣ.

ಹಂತ 2: ಪ್ರತಿಯೊಬ್ಬರು ಕೊಟ್ಟ ಅಂಕವನ್ನು ಪಾಲಾಗಿ ಬದಲಿಸಿ

ನಾಲ್ವರೂ 0ರಿಂದ 5ರ ಅಳತೆಯಲ್ಲಿ ಎಲ್ಲರಿಗೂ ಕೊಟ್ಟ ಅಂಕಗಳು ಇವು. ಸಾಲಿನಲ್ಲಿರುವುದು ಅಂಕ ಕೊಟ್ಟವರು, ಕಂಬದಲ್ಲಿರುವುದು ಪಡೆದವರು.

| ಕೊಟ್ಟವರು | ಕ | ಖ | ಗ | ಘ | ಒಟ್ಟು |
|---|---|---|---|---|---|
| ಕ | 4 | 5 | 4 | 3 | 16 |
| ಖ | 5 | 5 | 4 | 2 | 16 |
| ಗ | 3 | 3 | 3 | 1 | 10 |
| ಘ | 5 | 5 | 5 | 5 | 20 |

ಇಲ್ಲಿ ಗ ಕೈ ಬಿಗಿಹಿಡಿದು ಅಂಕ ಕೊಟ್ಟಿದ್ದಾರೆ, ಘ ಎಲ್ಲರಿಗೂ ಧಾರಾಳವಾಗಿ ಕೊಟ್ಟಿದ್ದಾರೆ. ಈ ಅಂಕಗಳನ್ನು ಹಾಗೆಯೇ ಕೂಡಿದರೆ ಧಾರಾಳಿಯ ಮಾತಿಗೆ ಬಿಗಿಯವರ ಮಾತಿಗಿಂತ ಎರಡರಷ್ಟು ತೂಕ ಬಂದುಬಿಡುತ್ತದೆ. ಅದನ್ನು ತಪ್ಪಿಸಲು ಪ್ರತಿಯೊಂದು ಅಂಕವನ್ನೂ ಅದೇ ಸಾಲಿನ ಒಟ್ಟು ಮೊತ್ತದಿಂದ ಭಾಗಿಸಬೇಕು. ಆಗ ಪ್ರತಿಯೊಬ್ಬರ ಕೈಯಲ್ಲೂ ಹಂಚಲು ಸರಿಯಾಗಿ 1 ಘಟಕ ಇದ್ದಂತಾಗುತ್ತದೆ. ಬ್ರಿಟನ್ನಿನ ಲಫ್‌ಬರ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವೆಬ್‌ಪಿಎ ಎಂಬ ತಂತ್ರಾಂಶ ಅನುಸರಿಸುವ ಕ್ರಮವೂ ಇದೇ.

ಘ ಅವರಿಗೆ ಬಂದ ಪಾಲುಗಳನ್ನು ನೋಡಿ: ಕ ಕೊಟ್ಟದ್ದು 3/16, ಅಂದರೆ 0.1875, ಖ ಕೊಟ್ಟದ್ದು 2/16, ಅಂದರೆ 0.125, ಗ ಕೊಟ್ಟದ್ದು 1/10, ಅಂದರೆ 0.1, ತಾವೇ ಕೊಟ್ಟುಕೊಂಡದ್ದು 5/20, ಅಂದರೆ 0.25. ತನಗೆ 5ಕ್ಕೆ 5 ಹಾಕಿಕೊಂಡರೂ ಎಲ್ಲರಿಗೂ ಅಷ್ಟೇ ಕೊಟ್ಟಿರುವುದರಿಂದ ಅದು ಕಾಲುಪಾಲು ಮಾತ್ರವಾಯಿತು. ಎಲ್ಲರಿಗೂ 5 ಕೊಡುವುದು ಉದಾರತೆ ಎಂದು ತಿಳಿದವರು ಇದನ್ನು ಗಮನಿಸಬೇಕು. ಈ ಕ್ರಮದಲ್ಲಿ ಎಲ್ಲರಿಗೂ 5 ಕೊಟ್ಟರೂ ಎಲ್ಲರಿಗೂ 2 ಕೊಟ್ಟರೂ ಫಲ ಒಂದೇ.

ಹಂತ 3: ಗುಣಕವನ್ನು ಕೂಡಿ, ಮೊತ್ತವನ್ನು ತಾಳೆ ನೋಡಿ

ಒಬ್ಬರಿಗೆ ಬಂದ ಪಾಲುಗಳನ್ನೆಲ್ಲ ಕೂಡಿದರೆ ಅದೇ ಅವರ ಗುಣಕ. ಘ ಅವರದು 0.6625. ಇದೇ ರೀತಿ ಕೂಡಿದರೆ ಕ ಅವರದು 1.1125, ಖ ಅವರದು 1.175, ಗ ಅವರದು 1.05 ಆಗುತ್ತದೆ. ನಾಲ್ಕನ್ನೂ ಕೂಡಿ ನೋಡಿ: ಸರಿಯಾಗಿ 4 ಬರುತ್ತದೆ. ಈ ಕ್ರಮದಲ್ಲಿ ಗುಣಕಗಳ ಮೊತ್ತ ಯಾವಾಗಲೂ ಗುಂಪಿನ ಸದಸ್ಯರ ಸಂಖ್ಯೆಗೆ ಸಮವಾಗಿರಬೇಕು. ಇಲ್ಲದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಅತಿ ಸಾಮಾನ್ಯವಾದ ತಪ್ಪು ನಡೆಯುವುದು ಯಾರಾದರೂ ಒಬ್ಬರು ಅಂಕವನ್ನೇ ಸಲ್ಲಿಸದಿದ್ದಾಗ. ಘ ಸಲ್ಲಿಸಲಿಲ್ಲ ಎಂದುಕೊಳ್ಳಿ. ಹಂಚಲು ಈಗ ಮೂರೇ ಘಟಕಗಳಿವೆ, ಪಡೆಯುವವರು ಮಾತ್ರ ನಾಲ್ವರು. ಹಾಗೆಯೇ ಕೂಡಿದರೆ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದ ಖ ಅವರ ಗುಣಕವೂ 0.925ಕ್ಕೆ ಇಳಿದು, ಅವರಿಗೂ ಅಂಕ ಕಡಿತವಾಗುತ್ತದೆ. ಇದನ್ನು ಸರಿಪಡಿಸಲು ಪ್ರತಿಯೊಬ್ಬರ ಮೊತ್ತವನ್ನೂ 4/3ರಿಂದ ಗುಣಿಸಬೇಕು. ಅಂದರೆ ಸದಸ್ಯರ ಸಂಖ್ಯೆಯನ್ನು ಸಲ್ಲಿಸಿದವರ ಸಂಖ್ಯೆಯಿಂದ ಭಾಗಿಸಿ ಬಂದದ್ದರಿಂದ. ಆಗ ಖ ಅವರದು 1.233 ಆಗುತ್ತದೆ, ಘ ಅವರದು 0.55. ಗುಂಪಿನ ಎಲ್ಲರ ಅಂಕವೂ ಗುಂಪಿನ ಅಂಕಕ್ಕಿಂತ ಕಡಿಮೆಯಿದ್ದರೆ, ಈ ತಿದ್ದುಪಡಿ ಬಿಟ್ಟುಹೋಗಿದೆಯೇ ಎಂದು ಮೊದಲು ವಿಚಾರಿಸಿ.

ಇನ್ನೊಂದನ್ನೂ ಗಮನಿಸಿ. ಸಲ್ಲಿಸದೆ ಉಳಿದದ್ದರಿಂದ ಘ ಅವರ ಗುಣಕ 0.6625ರಿಂದ 0.55ಕ್ಕೆ ಇಳಿಯಿತು. ದಂಡ ವಿಧಿಸುವ ನಿಯಮ ಇಲ್ಲದಿದ್ದರೂ ಮೌನಕ್ಕೆ ಬೆಲೆ ತೆರಬೇಕಾಯಿತು. ನಿಮ್ಮ ಕೆಲಸ ಕಡಿಮೆಯಾಗಿದ್ದರೂ ಅಂಕದ ನಮೂನೆಯನ್ನು ತುಂಬಿ ಸಲ್ಲಿಸುವುದನ್ನು ಮಾತ್ರ ಬಿಡಬೇಡಿ.

ಲೆಕ್ಕದ ಹಾಳೆಯಲ್ಲಿ ಮಾಡುವವರು ಕೊಟ್ಟ ಅಂಕಗಳನ್ನು B2ರಿಂದ E5ರವರೆಗೆ ತುಂಬಿ, B8ರಲ್ಲಿ ಮೊದಲ ಸೂತ್ರವನ್ನು ಬರೆದು E11ರವರೆಗೆ ಎಳೆಯಿರಿ. ಉಳಿದ ಮೂರನ್ನು ಕ್ರಮವಾಗಿ B13, B14, B15ರಲ್ಲಿ ಬರೆದು E ಕಂಬದವರೆಗೆ ಎಳೆಯಿರಿ.

```
B8:  =B2/SUM($B2:$E2)
B13: =SUM(B8:B11)*4/COUNT(B8:B11)
B14: =72*(0.5+0.5*B13)
B15: =0.4*(B14-72)
```

ಅಂಕ ಸಲ್ಲಿಸದವರ ಸಾಲಿನಲ್ಲಿ ಮೊದಲ ಸೂತ್ರವನ್ನು ಅಳಿಸಿ ಖಾಲಿ ಬಿಡಿ; ಇಲ್ಲವಾದರೆ ಸೊನ್ನೆಯಿಂದ ಭಾಗಿಸಿದ ದೋಷ ಇಡೀ ಹಾಳೆಗೆ ಹರಡುತ್ತದೆ. ಎರಡನೆಯ ಸೂತ್ರ ಸಲ್ಲಿಸಿದವರನ್ನು ಎಣಿಸಿ ತಿದ್ದುಪಡಿಯನ್ನು ತಾನೇ ಮಾಡಿಕೊಳ್ಳುತ್ತದೆ.

ಹಂತ 4: ಗುಣಕವನ್ನು ಗುಂಪಿನ ಅಂಕಕ್ಕೆ ಅನ್ವಯಿಸಿ

ಗುಣಕ ಅರ್ಧಕ್ಕೆ ಮಾತ್ರ ಅನ್ವಯಿಸುವುದರಿಂದ 72ರಲ್ಲಿ 36 ಎಲ್ಲರಿಗೂ ನೇರವಾಗಿ ಸಿಗುತ್ತದೆ. ಉಳಿದ 36 ಗುಣಕದಿಂದ ಗುಣಿಸಲ್ಪಡುತ್ತದೆ. ಘ ಅವರಿಗೆ 36ರ ಜೊತೆಗೆ 36 × 0.6625, ಅಂದರೆ 23.85 ಸೇರಿ 59.85 ಆಗುತ್ತದೆ. ಕ ಅವರಿಗೆ 76.05, ಖ ಅವರಿಗೆ 78.3, ಗ ಅವರಿಗೆ 73.8. ಇದೇ ಗುಣಕ ಪೂರ್ತಿ ಅಂಕಕ್ಕೆ ಅನ್ವಯಿಸಿದ್ದರೆ ಘ ಅವರ ಅಂಕ 47.7ಕ್ಕೆ ಕುಸಿಯುತ್ತಿತ್ತು. ಗುಂಪು ಒಂದೇ, ಸಹಪಾಠಿಗಳ ಅಭಿಪ್ರಾಯವೂ ಒಂದೇ. ನಿಯಮದ ಒಂದು ಸಾಲು ಬದಲಾದದ್ದಕ್ಕೆ 12 ಅಂಕಕ್ಕೂ ಹೆಚ್ಚಿನ ವ್ಯತ್ಯಾಸ.

ಗುಣಕವನ್ನು ಅರ್ಧಕ್ಕೆ ಸೀಮಿತಗೊಳಿಸುವುದರ ಬದಲು ಕೆಲವರು ವರ್ಗಮೂಲವನ್ನು ಬಳಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಬೆಳೆದ ಸ್ಪಾರ್ಕ್ ಎಂಬ ತಂತ್ರಾಂಶದ ಕ್ರಮ ಹೀಗಿದೆ: ಒಬ್ಬರಿಗೆ ಬಂದ ಒಟ್ಟು ಅಂಕವನ್ನು ಗುಂಪಿನ ಸರಾಸರಿ ಒಟ್ಟು ಅಂಕದಿಂದ ಭಾಗಿಸಿ ವರ್ಗಮೂಲ ತೆಗೆಯುವುದು. ನಮ್ಮ ಕೋಷ್ಟಕದಲ್ಲಿ ಘ ಅವರಿಗೆ ಬಂದದ್ದು 11, ಗುಂಪಿನ ಸರಾಸರಿ 15.5, ಭಾಗಲಬ್ಧ ಸುಮಾರು 0.71, ಅದರ ವರ್ಗಮೂಲ ಸುಮಾರು 0.842. ಪೂರ್ತಿ ಅಂಕಕ್ಕೆ ಅನ್ವಯಿಸಿದರೂ 60.65 ಸಿಗುತ್ತದೆ. ವರ್ಗಮೂಲ ಗುಣಕವನ್ನು 1ರ ಹತ್ತಿರಕ್ಕೆ ಎಳೆಯುತ್ತದೆ ಎನ್ನುವುದು ಇದರ ತಿರುಳು. ಆದರೆ ಹಂತ 3ರ ತಾಳೆ ಇಲ್ಲಿ ನಡೆಯುವುದಿಲ್ಲ. ವರ್ಗಮೂಲ ತೆಗೆದ ನಾಲ್ಕು ಗುಣಕಗಳ ಮೊತ್ತ 4ಕ್ಕಿಂತ ತುಸು ಕಡಿಮೆಯೇ ಬರುತ್ತದೆ, ಅದು ತಪ್ಪಲ್ಲ.

ಮೇಲ್ಮಿತಿಯ ವಿಷಯದಲ್ಲೂ ಎಚ್ಚರವಿರಲಿ. ಗುಂಪಿನ ಅಂಕ 92 ಇದ್ದು ಖ ಅವರ 1.175 ಪೂರ್ತಿಯಾಗಿ ಅನ್ವಯಿಸಿದರೆ 108.1 ಬರುತ್ತದೆ, ಅದನ್ನು 100ಕ್ಕೆ ಕತ್ತರಿಸುತ್ತಾರೆ. ಕತ್ತರಿಸಿದ 8.1 ಬೇರೆ ಯಾರಿಗೂ ಹೋಗುವುದಿಲ್ಲ, ಘ ಅವರ ಕಡಿತ ಮಾತ್ರ ಹಾಗೆಯೇ ಉಳಿಯುತ್ತದೆ. ಹೆಚ್ಚು ಅಂಕ ಪಡೆದ ಗುಂಪುಗಳಲ್ಲಿ ಗುಣಕ ಮೇಲೆತ್ತುವುದಕ್ಕಿಂತ ಕೆಳಗಿಳಿಸುವುದೇ ಹೆಚ್ಚು ಎಂಬ ದೂರಿನಲ್ಲಿ ಹುರುಳಿದೆ.

ಹಂತ 5: ಕೋರ್ಸ್ ಸರಾಸರಿಗೆ ತನ್ನಿ

ಘ ಅವರ ಉಳಿದ ಅಂಕಗಳು ಹೀಗಿವೆ ಎಂದುಕೊಳ್ಳಿ: ಶೇಕಡಾ 20 ಪಾಲಿನ ಕಿರುಪರೀಕ್ಷೆಯಲ್ಲಿ 65, ಶೇಕಡಾ 40 ಪಾಲಿನ ಅಂತಿಮ ಪರೀಕ್ಷೆಯಲ್ಲಿ 58. ಇವುಗಳಿಂದ ಸರಾಸರಿಗೆ ಬರುವುದು 13 ಮತ್ತು 23.2, ಒಟ್ಟು 36.2. ಗುಣಕವೇ ಇಲ್ಲದಿದ್ದರೆ ಪ್ರಾಜೆಕ್ಟಿನಿಂದ 72ರ ಶೇಕಡಾ 40, ಅಂದರೆ 28.8 ಸೇರಿ ಸರಾಸರಿ 65 ಆಗುತ್ತಿತ್ತು. ಗುಣಕದ ನಂತರ 59.85ರ ಶೇಕಡಾ 40, ಅಂದರೆ 23.94 ಸೇರಿ 60.14 ಆಗುತ್ತದೆ. ನಷ್ಟ 4.86.

ಇಷ್ಟು ಸುತ್ತಿ ಬರದೆಯೇ ಇದನ್ನು ಒಂದೇ ಗುಣಾಕಾರದಲ್ಲಿ ಕಾಣಬಹುದು. ಸರಾಸರಿಯ ಬದಲಾವಣೆ ಎಂದರೆ ಪ್ರಾಜೆಕ್ಟಿನ ಪಾಲು, ಗುಣಕ ಅನ್ವಯಿಸುವ ಭಾಗ, ಗುಂಪಿನ ಅಂಕ, ಗುಣಕ 1ರಿಂದ ಎಷ್ಟು ದೂರವಿದೆ ಎಂಬುದು, ಈ ನಾಲ್ಕರ ಗುಣಲಬ್ಧ:

```
0.4 × 0.5 × 72 × (0.6625 − 1) = −4.86
```

ಮೊದಲ ಮೂರನ್ನು ಗುಣಿಸಿದರೆ 14.4 ಬರುತ್ತದೆ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಸಾಕು. ಈ ಕೋರ್ಸಿನಲ್ಲಿ, ಈ ಗುಂಪಿಗೆ, ಗುಣಕದಲ್ಲಿ 0.1ರ ಏರಿಳಿತವೆಂದರೆ ಸರಾಸರಿಯಲ್ಲಿ 1.44ರ ಏರಿಳಿತ. ಕ ಅವರಿಗೆ 1.62, ಖ ಅವರಿಗೆ 2.52, ಗ ಅವರಿಗೆ 0.72 ಹೆಚ್ಚಾಯಿತು, ಮೂರನ್ನೂ ಕೂಡಿದರೆ ಸರಿಯಾಗಿ 4.86. ಘ ಕಳೆದುಕೊಂಡದ್ದೇ ಉಳಿದವರಿಗೆ ಹಂಚಿಹೋಗಿದೆ. ಗುಂಪಿನ ಸರಾಸರಿ ಬದಲಾಗಿಲ್ಲ.

ಸೆಮಿಸ್ಟರಿನ ಒಟ್ಟು ಸರಾಸರಿಗೆ ಇದು ಎಷ್ಟು ತಟ್ಟುತ್ತದೆ ಎಂದು ಕೇಳುವವರು ಕೋರ್ಸಿನ ಕ್ರೆಡಿಟ್ಟನ್ನು ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿ ಗುಣಿಸಬೇಕು. 20ರಲ್ಲಿ 4 ಕ್ರೆಡಿಟ್ಟಿನ ಕೋರ್ಸಾದರೆ 4.86ರ ಐದನೆಯ ಒಂದು ಭಾಗ, ಸುಮಾರು 0.97. ಅಂಕದ ಬದಲು ಶ್ರೇಣಿಯ ಅಂಶಗಳಿಂದ ಸರಾಸರಿ ತೆಗೆಯುವ ಕಡೆ ಈ ನೇರ ಭಾಗಾಕಾರ ನಡೆಯುವುದಿಲ್ಲ. ಅಲ್ಲಿ ನೀವು ಶ್ರೇಣಿಯ ಗಡಿಯನ್ನು ದಾಟಿದಿರೋ ಇಲ್ಲವೋ ಎಂಬುದೇ ಮುಖ್ಯ.

ಪೂರ್ಣಾಂಕಕ್ಕೆ ತರುವುದನ್ನು ಕೊನೆಗೆ ಒಂದೇ ಸಲ ಮಾಡಿ. 0.6625ನ್ನು ನಡುವೆಯೇ 0.7 ಎಂದು ಮಾಡಿಕೊಂಡರೆ ಸರಾಸರಿ 60.14ರ ಬದಲು 60.68 ಬರುತ್ತದೆ.

ಹಂತ 6: ಸ್ವಂತ ಅಂಕ ಸೇರುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ

ಇಡೀ ಲೆಕ್ಕದಲ್ಲಿ ಅತ್ಯಂತ ಸೂಕ್ಷ್ಮವಾದ ಜಾಗ ಇದು. ಸ್ವಂತ ಅಂಕವನ್ನು ತೆಗೆದುಹಾಕಿ ಅದೇ ಕೋಷ್ಟಕವನ್ನು ಮತ್ತೆ ಲೆಕ್ಕ ಮಾಡಿ ನೋಡೋಣ. ಈಗ ಪ್ರತಿ ಸಾಲಿನ ಮೊತ್ತವೂ ಬದಲಾಗುತ್ತದೆ. ಘ ಅವರಿಗೆ ಕ ಕೊಟ್ಟದ್ದು 3/12, ಖ ಕೊಟ್ಟದ್ದು 2/11, ಗ ಕೊಟ್ಟದ್ದು 1/7. ಮೂರನ್ನೂ ಕೂಡಿದರೆ ಸುಮಾರು 0.575. ಸರಾಸರಿಯ ನಷ್ಟ 4.86 ಇದ್ದದ್ದು ಸುಮಾರು 6.12 ಆಗುತ್ತದೆ, ಕೋರ್ಸ್ ಸರಾಸರಿ 58.88ಕ್ಕೆ ಇಳಿಯುತ್ತದೆ. ಪ್ರಥಮ ದರ್ಜೆಗೆ 60 ಬೇಕೆಂದಿದ್ದರೆ, ಒಂದು ನಿಯಮದಲ್ಲಿ ಘ ದರ್ಜೆ ಉಳಿಸಿಕೊಳ್ಳುತ್ತಾರೆ, ಇನ್ನೊಂದರಲ್ಲಿ ಕಳೆದುಕೊಳ್ಳುತ್ತಾರೆ.

ಹಾಗೆಂದು ಸ್ವಂತ ಅಂಕ ಸೇರಿಸುವುದೇ ನ್ಯಾಯ ಎಂದು ನಾನು ಹೇಳುವುದಿಲ್ಲ. ಘ ತನಗೆ 5 ಕೊಟ್ಟುಕೊಂಡು ಉಳಿದ ಮೂವರಿಗೂ 2ರಂತೆ ಕೊಟ್ಟಿದ್ದರೆ ತನ್ನ ಪಾಲು 5/11 ಆಗಿ, ಗುಣಕ 0.867ಕ್ಕೆ ಏರಿ, ನಷ್ಟ ಬರೀ 1.92ಕ್ಕೆ ನಿಲ್ಲುತ್ತಿತ್ತು. ಪ್ರಾಮಾಣಿಕವಾಗಿ ಸಮನಾಗಿ ಕೊಟ್ಟವರಿಗಿಂತ ತನ್ನನ್ನು ಮೇಲೆತ್ತಿಕೊಂಡವರಿಗೆ ಲಾಭವಾಗುವ ಈ ಬಾಗಿಲನ್ನು ಮುಚ್ಚಲೆಂದೇ ಹಲವರು ಸ್ವಂತ ಅಂಕವನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಬಿಡುವುದೇ ಸರಿ. ಸ್ವಂತ ಅಂಕವನ್ನು ಬರೆಸಿಕೊಂಡು, ಅದಕ್ಕೂ ಸಹಪಾಠಿಗಳ ಅಭಿಪ್ರಾಯಕ್ಕೂ ಇರುವ ಅಂತರವನ್ನು ಮಾತುಕತೆಗೆ ಬಳಸಿದರೆ ಸಾಕು.

ಮೂವರ ಗುಂಪಿನಲ್ಲಿ ಇನ್ನೊಂದು ಅಪಾಯವಿದೆ. ಇಬ್ಬರು ಒಪ್ಪಂದ ಮಾಡಿಕೊಂಡು ತಮ್ಮಿಬ್ಬರಿಗೂ 5, ಮೂರನೆಯವರಿಗೆ 1 ಕೊಟ್ಟರೆ, ಮೂರನೆಯವರು ಎಲ್ಲರಿಗೂ ಸಮನಾಗಿ ಕೊಟ್ಟರೂ ಅವರ ಗುಣಕ 0.515ಕ್ಕೆ ಬೀಳುತ್ತದೆ. ಅವರು ನಿಜಕ್ಕೂ ಕೆಲಸ ಮಾಡಿದ್ದರೋ ಇಲ್ಲವೋ ಎಂಬುದನ್ನು ಈ ಸಂಖ್ಯೆ ಹೇಳಲಾರದು. ಗುಣಕ ಅಳೆಯುವುದು ಆ ಗುಂಪಿನೊಳಗಿನ ತುಲನೆಯನ್ನು ಮಾತ್ರ. ಆದ್ದರಿಂದಲೇ ಒಂದು ಗುಂಪಿನ 0.9ನ್ನು ಇನ್ನೊಂದು ಗುಂಪಿನ 1.1ರ ಜೊತೆ ಹೋಲಿಸಿ ಯಾರು ಹೆಚ್ಚು ದುಡಿದರು ಎಂದು ತೀರ್ಮಾನಿಸುವುದು ತಪ್ಪು.

ಹಂತ 7: ಅಂಕ ಮಾತ್ರ ಕೈಯಲ್ಲಿದ್ದರೆ ಹಿಂದಕ್ಕೆ ಲೆಕ್ಕ ಮಾಡಿ

ಸಹಪಾಠಿಗಳು ಕೊಟ್ಟ ಅಂಕವನ್ನು ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆ ತೋರಿಸುವುದಿಲ್ಲ. ನಿಮಗೆ ಕಾಣುವುದು 72 ಮತ್ತು 59.85 ಎಂಬ ಎರಡೇ ಸಂಖ್ಯೆಗಳು. 59.85ನ್ನು 72ರಿಂದ ಭಾಗಿಸಿದರೆ 0.831 ಬರುತ್ತದೆ; ಇದೇ ನನ್ನ ಗುಣಕ ಎಂದುಕೊಳ್ಳುವವರು ಬಹಳ ಮಂದಿ. ಗುಣಕ ಅರ್ಧಕ್ಕೆ ಮಾತ್ರ ಅನ್ವಯಿಸುವ ಕಡೆ ಅದರಿಂದ 0.5 ಕಳೆದು, ಉಳಿದುದನ್ನು 0.5ರಿಂದ ಭಾಗಿಸಬೇಕು. 59.85 ÷ 72ರ ನಿಖರ ಬೆಲೆ 0.83125, ಅದರಿಂದ ಸಿಗುವ ನಿಜವಾದ ಗುಣಕ 0.6625. ಸಹಪಾಠಿಗಳು ನಿಮ್ಮ ಕೊಡುಗೆಯನ್ನು ತುಸು ಕಡಿಮೆ ಎಂದರೋ, ಸಮಪಾಲಿನ ಮೂರನೆಯ ಎರಡು ಭಾಗ ಮಾತ್ರ ಎಂದರೋ ಎಂಬ ವ್ಯತ್ಯಾಸ ಇದರಲ್ಲಿದೆ. ಮರುಪರಿಶೀಲನೆ ಕೇಳುವ ಮುನ್ನ ಇದು ಗೊತ್ತಿರಬೇಕು.

ಮರುಪರಿಶೀಲನೆ ಕೇಳುವುದಾದರೆ ಗುಣಕ ಕಡಿಮೆಯಾಯಿತು ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ತಾರೀಖಿನಂದು ಯಾವ ಭಾಗವನ್ನು ನೀವು ಮಾಡಿಕೊಟ್ಟಿರಿ, ಹಂಚಿಕೊಂಡ ಕಡತದ ಬದಲಾವಣೆಗಳ ಇತಿಹಾಸದಲ್ಲಿ ಅದು ಎಲ್ಲಿ ದಾಖಲಾಗಿದೆ, ಯಾವ ಸಭೆಯ ಟಿಪ್ಪಣಿಯಲ್ಲಿ ಆ ಕೆಲಸ ನಿಮ್ಮ ಹೆಸರಿಗೆ ಬರೆಯಲ್ಪಟ್ಟಿದೆ ಎಂಬುದನ್ನು ಜೋಡಿಸಿ ಕೊಡಿ. ಅಂಕ ಪ್ರಕಟವಾದ ಮೇಲೆ ಹೊಸದಾಗಿ ಬರೆದ ಪಟ್ಟಿಗಿಂತ, ಕೆಲಸ ನಡೆಯುವಾಗಲೇ ಬರೆದಿಟ್ಟ ಎರಡು ಸಾಲಿನ ಟಿಪ್ಪಣಿಗೆ ಬೆಲೆ ಹೆಚ್ಚು.

ಜೊತೆಗೆ ಎಷ್ಟು ಬದಲಾಗಬಹುದು ಎಂಬುದನ್ನೂ ಮೊದಲೇ ತಿಳಿದಿರಿ. ಘ ಅವರಿಗೆ ಗ ಕೊಟ್ಟ 1 ಅನ್ಯಾಯವೆಂದು ಒಪ್ಪಿ ಅದನ್ನು 2 ಎಂದು ತಿದ್ದಿದರೆ, ಆ ಸಾಲಿನ ಮೊತ್ತ 11 ಆಗಿ ಘ ಅವರ ಪಾಲು 0.1ರಿಂದ 0.182ಕ್ಕೆ ಏರುತ್ತದೆ. 0.082ನ್ನು 14.4ರಿಂದ ಗುಣಿಸಿದರೆ ಸರಾಸರಿಗೆ ಸೇರುವುದು ಸುಮಾರು 1.18, ಮತ್ತು 60.14 ಇದ್ದದ್ದು 61.32 ಆಗುತ್ತದೆ. ದರ್ಜೆಯ ಗಡಿ 60ರಲ್ಲಿದ್ದರೆ ಈ ತಿದ್ದುಪಡಿಯಿಂದ ಘ ಅವರ ದರ್ಜೆ ಬದಲಾಗದು. ಆದರೆ ಸ್ವಂತ ಅಂಕ ಸೇರದ ನಿಯಮದಲ್ಲಿ ಅದೇ 1ನ್ನು 2 ಮಾಡಿದರೆ ಪಾಲು 1/7ರಿಂದ 2/8ಕ್ಕೆ ಏರಿ, ಸರಾಸರಿಗೆ ಸುಮಾರು 1.54 ಸೇರಿ, 58.88 ಇದ್ದದ್ದು 60.42 ಆಗುತ್ತದೆ. ಅರ್ಜಿ ಬರೆಯುವ ಮೊದಲು ಈ ಎರಡು ನಿಯಮಗಳಲ್ಲಿ ನಿಮ್ಮ ಕೋರ್ಸಿನದು ಯಾವುದು ಎಂದು ಕೈಪಿಡಿಯಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.